ಹುಡುಕುಪದದ ಆಯ್ಕೆ, ಆಕರದ ಪರೀಕ್ಷೆ: ಹೈಸ್ಕೂಲ್ ಪಾಠಯೋಜನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು, ಕೆಲವು ಪಾಲಕರು ಮತ್ತು ರಾತ್ರಿ ಶಾಲೆಯಲ್ಲಿ ಕಲಿಸುವ ಗೆಳೆಯರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಲಾಗಿದೆ. ಉದಾಹರಣೆಗಳೆಲ್ಲ 2005ರ ಜುಲೈ 26ರ ಮಹಾಮಳೆಯ ಸುತ್ತಲಿನವು. ಆ ಆಯ್ಕೆಯ ಕಾರಣವನ್ನು ನಾಲ್ಕನೆಯ ಉತ್ತರದಲ್ಲಿ ಹೇಳಿದ್ದೇನೆ.

## ಆರಂಭದ ಪ್ರಶ್ನೆಗಳು

ನಮ್ಮ ಮಕ್ಕಳು ಪ್ರಶ್ನೆಯನ್ನು ಇಡಿಯಾಗಿ ಗೂಗಲ್‌ನಲ್ಲಿ ಬರೆದುಬಿಡುತ್ತಾರೆ, ಉತ್ತರವೂ ಸಿಗುತ್ತದೆ. ಅದರಲ್ಲಿ ತಪ್ಪೇನಿದೆ ಸರ್?

ತಪ್ಪೇನೂ ಇಲ್ಲ. ಇಡೀ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವಷ್ಟು ಇಂದಿನ ಶೋಧಯಂತ್ರಗಳು ಬೆಳೆದಿವೆ. ಆದರೆ ಯಾವ ಬಗೆಯ ಪುಟಗಳು ಮೇಲೆ ಬರುತ್ತವೆ ಎಂಬುದನ್ನು ಮಕ್ಕಳಿಗೆ ತೋರಿಸಬೇಕು. "ಮುಂಬಯಿಯಲ್ಲಿ ಮಳೆ ಬಂದರೆ ನೀರು ಏಕೆ ನಿಲ್ಲುತ್ತದೆ" ಎಂದು ಬರೆದರೆ, ಅದೇ ಪ್ರಶ್ನೆಯನ್ನು ತಲೆಬರಹವಾಗಿ ಇಟ್ಟುಕೊಂಡ ಸುದ್ದಿಲೇಖನಗಳು, ಪ್ರಶ್ನೋತ್ತರ ಪುಟಗಳು ಮತ್ತು ವಿಡಿಯೋಗಳು ಮುಂದೆ ಬರುತ್ತವೆ. ಚರಂಡಿಯ ಸಾಮರ್ಥ್ಯವನ್ನು ಅಳೆದ ಎಂಜಿನಿಯರನ ವರದಿಯಲ್ಲಿ "ಏಕೆ ನಿಲ್ಲುತ್ತದೆ" ಎಂಬ ಮಾತೇ ಇರುವುದಿಲ್ಲ. ಅಲ್ಲಿ ಇರುವುದು ಹರಿವು, ಉಬ್ಬರದ ಮಟ್ಟ, ಹೊರಹರಿವಿನ ಬಾಯಿ ಇಂಥ ಪದಗಳು. ಕೇಳುವವರ ಭಾಷೆಯಲ್ಲಿ ಹುಡುಕಿದರೆ ಕೇಳುವವರಿಗಾಗಿ ಬರೆದ ಪುಟಗಳು ಸಿಗುತ್ತವೆ, ಕೆಲಸ ಮಾಡಿದವರ ಭಾಷೆಯಲ್ಲಿ ಹುಡುಕಿದರೆ ಕೆಲಸದ ಕಾಗದಪತ್ರಗಳು ಸಿಗುತ್ತವೆ. ಮಕ್ಕಳಿಗೆ ಎರಡನೆಯ ದಾರಿಯ ಪರಿಚಯವೇ ಇರುವುದಿಲ್ಲವಾದ್ದರಿಂದ ಪಾಠ ಅಲ್ಲಿಂದ ಆರಂಭವಾಗಬೇಕು.

ಕೀವರ್ಡ್ ಆಯ್ಕೆ ಒಂದು ಪಾಠ, ಆಕರ ಪರೀಕ್ಷೆ ಇನ್ನೊಂದು ಪಾಠ. ಎರಡನ್ನೂ ಏಕೆ ಒಂದೇ ಯೋಜನೆಯಲ್ಲಿ ಸೇರಿಸುತ್ತೀರಿ?

ಬೇರೆ ಬೇರೆಯಾಗಿ ಕಲಿಸಿದಾಗ ಎರಡೂ ಒಣ ನಿಯಮಗಳಾಗಿ ಉಳಿಯುತ್ತವೆ. ಹುಡುಕುಪದವೇ ಆಕರದ ಬಗೆಯನ್ನು ನಿರ್ಧರಿಸುತ್ತದೆ ಎಂಬುದನ್ನು ಮೇಲೆ ಹೇಳಿದೆ. ಅದರ ತಿರುವುಮುರುವೂ ನಿಜ: ಒಂದು ಆಕರವನ್ನು ಎಚ್ಚರದಿಂದ ಓದಿದ ಮಗುವಿಗೆ ಮೊದಲು ಗೊತ್ತಿರದ ನಾಲ್ಕು ಪದಗಳು ಸಿಗುತ್ತವೆ, ಅವುಗಳಿಂದ ಮುಂದಿನ ಹುಡುಕಾಟ ಮೊನಚಾಗುತ್ತದೆ. ಆದ್ದರಿಂದ ನನ್ನ ಯೋಜನೆಯಲ್ಲಿ ಹುಡುಕಾಟ ಎರಡು ಸುತ್ತು ನಡೆಯುತ್ತದೆ, ನಡುವೆ ಪರೀಕ್ಷೆ ಬರುತ್ತದೆ. ಒಂದೇ ಸುತ್ತು ಹುಡುಕಿಸಿ ಮುಗಿಸುವ ಪಾಠಯೋಜನೆ ಎಷ್ಟೇ ಚೆಂದವಾಗಿದ್ದರೂ ಮಕ್ಕಳು ಮೊದಲ ಪುಟದ ಮೊದಲ ಮೂರು ಕೊಂಡಿಗಳಲ್ಲೇ ನಿಂತುಬಿಡುತ್ತಾರೆ.

ಒಟ್ಟು ಎಷ್ಟು ಪಿರಿಯಡ್ ಬೇಕಾಗುತ್ತದೆ? ನಮಗೆ ಎಸ್ಸೆಸ್ಸಿ ಪೋರ್ಷನ್ ಮುಗಿಸುವುದೇ ಕಷ್ಟ.

35 ನಿಮಿಷಗಳ ಐದು ಪಿರಿಯಡ್ ಸಾಕು. ಇವನ್ನು ಪ್ರತ್ಯೇಕ ವಿಷಯವೆಂದು ತೆಗೆದುಕೊಳ್ಳದೆ, ಮಕ್ಕಳು ಹೇಗೂ ಮಾಡಬೇಕಾದ ಭೂಗೋಳದ ಅಥವಾ ಜಲಸುರಕ್ಷೆಯ ಪ್ರಾಜೆಕ್ಟಿನೊಳಗೇ ಸೇರಿಸಿಬಿಡಿ.

ಮೊದಲ ಪಿರಿಯಡ್‌ನಲ್ಲಿ ಕಂಪ್ಯೂಟರ್ ಮುಟ್ಟುವಂತಿಲ್ಲ. ಪ್ರಶ್ನೆಯನ್ನು ಕಿರಿದುಮಾಡಿ, ಅದನ್ನು ಪದಗಳಾಗಿ ಒಡೆಯುವುದಷ್ಟೇ ಕೆಲಸ. ಎರಡನೆಯದರಲ್ಲಿ ಮೊದಲ ಸುತ್ತಿನ ಹುಡುಕಾಟ, ಆದರೆ ಅದರ ಗುರಿ ಉತ್ತರವಲ್ಲ, ಹೊಸ ಪದಗಳು. ಮೂರನೆಯದರಲ್ಲಿ ಶಿಕ್ಷಕರು ಮೊದಲೇ ಆರಿಸಿಟ್ಟ ಎರಡು ಮೂರು ಆಕರಗಳನ್ನು ಇಡೀ ತರಗತಿ ಸೇರಿ ಪರೀಕ್ಷಿಸಬೇಕು. ನಾಲ್ಕನೆಯದು ಎರಡನೆಯ ಸುತ್ತಿಗೆ. ಐದನೆಯದರಲ್ಲಿ ಪ್ರತಿ ಗುಂಪು ತಾನು ಉಳಿಸಿಕೊಂಡ ಎರಡು ಆಕರಗಳನ್ನೂ ಬಿಟ್ಟ ಒಂದು ಆಕರವನ್ನೂ ತರಗತಿಯ ಮುಂದಿಟ್ಟು ಕಾರಣ ಹೇಳಬೇಕು. ಸಮಯದ ಕೊರತೆಯಾದರೆ ಐದನೆಯದನ್ನು ಲಿಖಿತ ಟಿಪ್ಪಣಿಗೆ ಇಳಿಸಬಹುದು, ಆದರೆ ಮೊದಲನೆಯದನ್ನು ಬಿಡಬೇಡಿ. ಬಹಳ ಮಂದಿ ಬಿಡುವುದು ಅದನ್ನೇ.

ವಿಷಯವನ್ನು ಮಕ್ಕಳೇ ಆರಿಸಿಕೊಳ್ಳಲಿ ಎಂದು ಬಿಟ್ಟರೆ ಆಗದೇ?

ಮೊದಲ ಸಲ ಬೇಡ. ಮೂವತ್ತು ಮಕ್ಕಳು ಮೂವತ್ತು ವಿಷಯ ಹಿಡಿದರೆ ಯಾರ ಪದಪಟ್ಟಿಯನ್ನೂ ಯಾರೂ ತಿದ್ದಲಾಗುವುದಿಲ್ಲ. ಮಕ್ಕಳ ಮನೆಯ ಹಿರಿಯರು ಕಂಡಿರುವಂಥದ್ದು, ಅಳತೆಯ ಅಂಕಿಗಳಿರುವಂಥದ್ದು, ಸರ್ಕಾರಿ ದಾಖಲೆಯೂ ಪತ್ರಿಕಾ ವರದಿಯೂ ಜನರ ನೆನಪೂ ಒಟ್ಟಿಗೆ ದೊರೆಯುವಂಥದ್ದು, ಮತ್ತು ಕಾರಣದ ಬಗ್ಗೆ ಭಿನ್ನಾಭಿಪ್ರಾಯ ಇರುವಂಥದ್ದು ಈ ಪಾಠಕ್ಕೆ ಒದಗುತ್ತದೆ. 2005ರ ಜುಲೈ 26ರ ಮಳೆ ಈ ನಾಲ್ಕಕ್ಕೂ ಹೊಂದುತ್ತದೆ. ಕುರ್ಲಾದಲ್ಲೋ ಕಲಿನಾದಲ್ಲೋ ಇರುವ ಪ್ರತಿ ಕನ್ನಡ ಮನೆಯಲ್ಲೂ ಆ ರಾತ್ರಿಯ ಒಂದು ಕತೆ ಇರುತ್ತದೆ, ಹತ್ತನೆಯ ತರಗತಿಯ ಮಕ್ಕಳು ಮಾತ್ರ ಆಗ ಹುಟ್ಟಿರಲಿಲ್ಲ. ಕೇಳಿದ್ದಕ್ಕೂ ದಾಖಲಾದದ್ದಕ್ಕೂ ನಡುವಿನ ಅಂತರವನ್ನು ಅವರು ತಾವೇ ಅಳೆಯಬಹುದು. ಪುಣೆಯವರು 1961ರ ಪಾನ್‌ಶೇತ್ ಅಣೆಕಟ್ಟಿನ ಒಡಕನ್ನು ತೆಗೆದುಕೊಂಡರೆ ಇದೇ ಯೋಜನೆ ಅಲ್ಲಿಯೂ ನಡೆಯುತ್ತದೆ.

ಪ್ರಶ್ನೆ ಮಾತ್ರ ಕಿರಿದಾಗಿರಲಿ. "ಮುಂಬಯಿಯ ಪ್ರವಾಹ" ಎಂಬುದು ವಿಷಯವಷ್ಟೆ. "2005ರ ಜುಲೈ 26ರಂದು ಎಷ್ಟು ಮಳೆ ಬಿತ್ತು, ಆ ನೀರು ಸಮುದ್ರಕ್ಕೆ ಏಕೆ ಹರಿದುಹೋಗಲಿಲ್ಲ" ಎಂಬುದು ಹುಡುಕಬಹುದಾದ ಪ್ರಶ್ನೆ.

## ಪದಗಳ ಬಗ್ಗೆ

ಪದಪಟ್ಟಿಯನ್ನು ತರಗತಿಯಲ್ಲಿ ನಿಜವಾಗಿ ಹೇಗೆ ಮಾಡಿಸುತ್ತೀರಿ? ಒಂದು ಉದಾಹರಣೆಯನ್ನು ಪೂರ್ತಿಯಾಗಿ ತೋರಿಸಿ.

ಹಲಗೆಯ ಮೇಲೆ ಪ್ರಶ್ನೆಯನ್ನು ಬರೆದು, ಅದು ಯಾವ ತುಂಡುಗಳಿಂದ ಆಗಿದೆ ಎಂದು ಕೇಳುತ್ತೇನೆ. ಎಲ್ಲಿ, ಯಾವಾಗ, ಏನಾಯಿತು, ಏಕೆ ಎಂಬ ನಾಲ್ಕು ಮನೆಗಳ ಕೋಷ್ಟಕ ಸಿದ್ಧವಾಗುತ್ತದೆ. ಎಲ್ಲಿ ಎಂಬ ಮನೆಯಲ್ಲಿ ಮಕ್ಕಳು ಮುಂಬಯಿ ಎಂದು ಬರೆಯುತ್ತಾರೆ, ಯಾವಾಗ ಎಂಬಲ್ಲಿ ದಿನಾಂಕ, ಏನಾಯಿತು ಎಂಬಲ್ಲಿ ಮಳೆ, ನೆರೆ, ಪ್ರವಾಹ. ಏಕೆ ಎಂಬ ಮನೆ ಬಹುಮಟ್ಟಿಗೆ ಖಾಲಿ ಉಳಿಯುತ್ತದೆ, ಇಲ್ಲವೆ "ಪ್ಲಾಸ್ಟಿಕ್" ಎಂಬ ಒಂದು ಪದ ಬರುತ್ತದೆ. ಅದನ್ನು ಹಾಗೆಯೇ ಬಿಡಬೇಕು. ಶಿಕ್ಷಕರು ಉದಾರವಾಗಿ ಪದ ತುಂಬಿದರೆ ಪಾಠ ಅಲ್ಲಿಗೇ ಮುಗಿಯಿತು.

ಎರಡನೆಯ ಪಿರಿಯಡ್‌ನಲ್ಲಿ ಈ ಬಡ ಪಟ್ಟಿಯಿಂದಲೇ ಹುಡುಕುತ್ತಾರೆ:

```
Mumbai flood 26 July 2005
```

ಬಂದ ಪುಟಗಳಲ್ಲಿ ಎರಡನ್ನು ಮಾತ್ರ ತೆರೆದು, ಮತ್ತೆ ಮತ್ತೆ ಕಾಣುವ ಹೆಸರುಗಳನ್ನೂ ತಮಗೆ ಅರ್ಥವಾಗದ ಪದಗಳನ್ನೂ ಕೋಷ್ಟಕಕ್ಕೆ ಸೇರಿಸಬೇಕು. ಈಗ ಎಲ್ಲಿ ಎಂಬ ಮನೆಗೆ ಸಾಂತಾಕ್ರೂಜ್, ಕೊಲಾಬಾ, ಮೀಠಿ ನದಿ, ಮಾಹಿಮ್ ಖಾಡಿ ಬರುತ್ತವೆ. ಏಕೆ ಎಂಬ ಮನೆಗೆ ಸಮುದ್ರದ ಉಬ್ಬರ, ಮಳೆನೀರಿನ ಚರಂಡಿ, ನದಿಪಾತ್ರದ ಒತ್ತುವರಿ ಬರುತ್ತವೆ. ಜೊತೆಗೆ ಎರಡು ವಿಶೇಷ ಹೆಸರುಗಳು ಸಿಗುತ್ತವೆ. ಒಂದು, ಮಳೆಯ ಬಳಿಕ ರಾಜ್ಯ ಸರ್ಕಾರ ನೇಮಿಸಿದ, ಮಾಧವರಾವ್ ಚಿತಳೆಯವರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿ. ಇನ್ನೊಂದು, ನಗರದ ಮಳೆನೀರಿನ ಚರಂಡಿಗಳನ್ನು ಹಿಗ್ಗಿಸಬೇಕೆಂದು 1993ರಷ್ಟು ಹಿಂದೆಯೇ ವರದಿಯಾದ ಬ್ರಿಮ್‌ಸ್ಟೋವಾಡ್ ಯೋಜನೆ. ಇಂಥ ಸಮಿತಿ, ಯೋಜನೆಗಳ ಹೆಸರು ಸಾಮಾನ್ಯ ಪದಕ್ಕಿಂತ ಬಲವಾದ ಹುಡುಕುಪದ, ಏಕೆಂದರೆ ವಿಷಯವನ್ನು ಮೇಲುಮೇಲಕ್ಕೆ ಬರೆದವರು ಅದನ್ನು ಬಳಸುವುದು ಕಡಿಮೆ.

```
Chitale committee Mumbai flood 2005 report
BRIMSTOWAD Mumbai storm water drain 25 mm
```

ನಾಲ್ಕನೆಯ ಪಿರಿಯಡ್‌ನ ಈ ಎರಡನೆಯ ಸುತ್ತಿನಲ್ಲಿ ಫಲಿತಾಂಶದ ಪುಟವೇ ಬೇರೆಯಾಗಿ ಕಾಣುತ್ತದೆ. ಮೊದಲ ಸುತ್ತಿನ ಪುಟವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಹೇಳಿ. "ಮೊದಲಿನದರಲ್ಲಿ ಫೋಟೊ ಜಾಸ್ತಿ, ಇದರಲ್ಲಿ ಪಿಡಿಎಫ್ ಜಾಸ್ತಿ" ಎಂದು ಒಬ್ಬ ಹುಡುಗಿ ಹೇಳಿದ್ದಳು. ಆ ಒಂದು ಮಾತಿನಲ್ಲಿ ಪಾಠದ ಅರ್ಧ ಬಂತು.

ಕನ್ನಡದಲ್ಲಿ ಹುಡುಕಿದರೆ ಬೆಂಗಳೂರಿನ ನೆರೆಯೇ ಬರುತ್ತದೆ. ಹಾಗಾದರೆ ಕನ್ನಡವನ್ನು ಬಿಟ್ಟು ಇಂಗ್ಲಿಷ್‌ನಲ್ಲೇ ಹುಡುಕಿಸುವುದೇ?

ಬಿಡುವುದು ಬೇಡ, ಆದರೆ ಯಾವ ಭಾಷೆಯಲ್ಲಿ ಯಾವ ಬಗೆಯ ಆಕರ ಇದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮುಂಬಯಿಯ ಕನ್ನಡ ಶಾಲೆಯ ಮಗುವಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಓದಲು ಬರುತ್ತವೆ. ಬೇರೆ ಊರಿನ ಮಕ್ಕಳಿಗಿಲ್ಲದ ಈ ಅನುಕೂಲವನ್ನು ಪಾಠಯೋಜನೆ ಬಳಸಿಕೊಳ್ಳಬೇಕು. ತಾಂತ್ರಿಕ ವರದಿಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ. ಮಹಾನಗರ ಪಾಲಿಕೆಯ ದೈನಂದಿನ ವ್ಯವಹಾರ ಮತ್ತು ಸ್ಥಳೀಯ ಬಡಾವಣೆಗಳ ಸುದ್ದಿ ಮರಾಠಿಯಲ್ಲಿ ಸಿಗುತ್ತವೆ. ಇಲ್ಲಿನ ಕನ್ನಡಿಗರು ಅನುಭವಿಸಿದ್ದನ್ನು ಬರೆದದ್ದು ಕನ್ನಡದಲ್ಲಿ ಸಿಗುತ್ತದೆ, ಅದು ಬೇರೆ ಯಾವ ಭಾಷೆಯಲ್ಲೂ ಇಲ್ಲ.

ಆದ್ದರಿಂದ ಪದಪಟ್ಟಿಗೆ ಭಾಷೆಗೊಂದರಂತೆ ಅಂಕಣ ಹಾಕಿಸಿ. ಇಂಗ್ಲಿಷ್ ಪದವನ್ನು ನಿಘಂಟು ನೋಡಿ ಮರಾಠಿಗೆ ತಿರುಗಿಸುವುದಕ್ಕಿಂತ ಮರಾಠಿ ಸುದ್ದಿಯಲ್ಲಿ ನಿಜವಾಗಿ ಬಳಸುವ ಪದವನ್ನು ಮರಾಠಿ ಶಿಕ್ಷಕಿಯನ್ನೋ ಪಕ್ಕದ ಮನೆಯ ಕಾಕುವನ್ನೋ ಕೇಳಿ ತರಲಿ. ರಸ್ತೆಯಲ್ಲಿ ನೀರು ನಿಲ್ಲುವುದಕ್ಕೆ ಅವರು ಹೇಳುವುದು ಹೀಗೆ:

```
मुंबई पाणी तुंबले
मिठी नदी पूर २००५
```

ಕನ್ನಡದಲ್ಲಿ ಹುಡುಕುವಾಗ ಇನ್ನೆರಡು ತೊಡಕುಗಳಿವೆ. ನಮ್ಮ ನಾಮಪದಗಳಿಗೆ ವಿಭಕ್ತಿ ಅಂಟಿಕೊಂಡಿರುತ್ತದೆ. "ಮುಂಬಯಿಯಲ್ಲಿನ ಪ್ರವಾಹದಿಂದ" ಎಂದು ಬರೆಯುವ ಬದಲು "ಮುಂಬಯಿ ಪ್ರವಾಹ" ಎಂದು ಬರೆದರೆ ಹೆಚ್ಚು ಪುಟಗಳು ಒದಗುತ್ತವೆ. ಮತ್ತೊಂದು ಬರಹದ ಭೇದ: ಮುಂಬಯಿ ಎಂದೂ ಮುಂಬೈ ಎಂದೂ, ಮೀಠಿ ಎಂದೂ ಮಿಥಿ ಎಂದೂ ಬರೆಯುವವರಿದ್ದಾರೆ. ಎರಡನ್ನೂ ಹಾಕಿ ನೋಡದೆ "ಕನ್ನಡದಲ್ಲಿ ಏನೂ ಇಲ್ಲ" ಎಂಬ ತೀರ್ಮಾನಕ್ಕೆ ಬರಗೊಡಬೇಡಿ.

ಉದ್ಧರಣ ಚಿಹ್ನೆ, ಮೈನಸ್, ಸೈಟ್ ಇವೆಲ್ಲವನ್ನೂ ಕಲಿಸಬೇಕೇ?

ಎರಡು ಸಾಕು. ಬಿಡಿಸಬಾರದ ಪದಗುಚ್ಛಕ್ಕೆ ಉದ್ಧರಣ ಚಿಹ್ನೆ, ಮತ್ತು ಒಂದೇ ಬಗೆಯ ತಾಣಗಳಿಗೆ ಹುಡುಕಾಟವನ್ನು ಸೀಮಿತಗೊಳಿಸುವ ಸೂಚನೆ.

```
"Mithi river" flood site:gov.in
```

ಕೋಲನ್ ಆದ ಮೇಲೆ ಖಾಲಿ ಜಾಗ ಬಿಟ್ಟರೆ ಸೂಚನೆ ಕೆಲಸ ಮಾಡುವುದಿಲ್ಲ. ಮಕ್ಕಳು ತಪ್ಪುವುದು ಬಹುತೇಕ ಅಲ್ಲಿಯೇ. ಉದ್ದನೆಯ ವಾಕ್ಯವನ್ನು ಉದ್ಧರಣದಲ್ಲಿಟ್ಟರೆ ಒಂದೂ ಪುಟ ಸಿಗದೆ ಹೋಗಬಹುದು, ಆದ್ದರಿಂದ ಎರಡು ಮೂರು ಪದಗಳಿಗೆ ಮಿತಿಗೊಳಿಸಿ. ಉಳಿದ ಚಿಹ್ನೆಗಳನ್ನು ಮಕ್ಕಳು ಬೇಕಾದಾಗ ಕಲಿತುಕೊಳ್ಳುತ್ತಾರೆ. ಚಿಹ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ ತರಗತಿಗಳಲ್ಲಿ ಪದಪಟ್ಟಿ ಬಡವಾಗಿಯೇ ಉಳಿದದ್ದನ್ನು ಕಂಡಿದ್ದೇನೆ.

## ಆಕರಗಳ ಬಗ್ಗೆ

ಲೇಖಕ ಯಾರು, ದಿನಾಂಕ ಯಾವುದು, ತಾಣ ಯಾವುದು ಎಂಬ ಚೆಕ್‌ಲಿಸ್ಟ್ ಕೊಟ್ಟರೆ ಸಾಲದೇ?

ಚೆಕ್‌ಲಿಸ್ಟ್‌ನ ದೋಷವೇನೆಂದರೆ, ಅದು ಮಗುವನ್ನು ಅದೇ ಪುಟದೊಳಗೆ ಕೂರಿಸಿಬಿಡುತ್ತದೆ. ಪುಟ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಓದಿ ಪುಟಕ್ಕೆ ಅಂಕ ಕೊಡುವುದು ಆ ಪದ್ಧತಿಯ ಸಾರ. ಅಂದವಾದ ಲಾಂಛನ, ಇಂಗ್ಲಿಷ್‌ನ ಗಾಂಭೀರ್ಯ, ಕೆಳಗೊಂದು ಉಲ್ಲೇಖಪಟ್ಟಿ ಇದ್ದರೆ ಎಂಥ ತಾಣವೂ ತೇರ್ಗಡೆಯಾಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರ್ಯೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಅವರು 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಪರಿಶೀಲಕರು ಮತ್ತು 25 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದೇ ತಾಣಗಳನ್ನು ತೋರಿಸಿ, ಅವರು ಹೇಗೆ ತೂಗುತ್ತಾರೆಂದು ನೋಡಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ ಹೋಗಿ ಹಲವು ಬಾರಿ ಮೋಸಹೋದರು. ಸತ್ಯಪರಿಶೀಲಕರು ಪುಟವನ್ನು ಕ್ಷಣಕಾಲ ನೋಡಿ, ಹೊಸ ಟ್ಯಾಬ್ ತೆರೆದು, ಆ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕಿದರು. ಕಡಿಮೆ ಸಮಯದಲ್ಲಿ ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಇದನ್ನು ಅಡ್ಡ ಓದು ಎಂದು ಕರೆಯೋಣ.

ತರಗತಿಯಲ್ಲಿ ಇದಕ್ಕೆ ಒಂದೇ ನಿಯಮ: ಆಕರವನ್ನು ಪೂರ್ತಿ ಓದುವ ಮೊದಲು, ಅದರ ಹೆಸರನ್ನು ಹೊಸ ಟ್ಯಾಬ್‌ನಲ್ಲಿ ಹುಡುಕಿ, ಇವರು ಯಾರು, ಇವರಿಗೆ ಹಣ ಎಲ್ಲಿಂದ, ಈ ವಿಷಯದಲ್ಲಿ ಇವರಿಗೆ ಪಾಲು ಇದೆಯೇ ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯಬೇಕು. ಇಲ್ಲಿ ಪದಪಟ್ಟಿಯ ತರಬೇತಿ ಮತ್ತೆ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಡ್ಡ ಓದು ಕೂಡ ಒಂದು ಹುಡುಕಾಟವೇ. ಪ್ರತಿ ಆಕರಕ್ಕೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಒಂದು ಅಂಕಿಯನ್ನು ಮೂಲದವರೆಗೆ ಬೆನ್ನಟ್ಟುವುದನ್ನು ಹೇಗೆ ತೋರಿಸುವುದು?

944 ಮಿಲಿಮೀಟರ್ ಎಂಬ ಅಂಕಿಯನ್ನು ತೆಗೆದುಕೊಳ್ಳಿ. "2005ರಲ್ಲಿ ಮುಂಬಯಿಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತು" ಎಂಬ ವಾಕ್ಯ ನೂರಾರು ಕಡೆ ಸಿಗುತ್ತದೆ. ನೂರು ಕಡೆ ಇದೆ ಎಂಬ ಕಾರಣಕ್ಕೆ ಅದು ನೂರು ಆಕರವಾಗುವುದಿಲ್ಲ. ಎಲ್ಲರೂ ಒಂದೇ ಕಡೆಯಿಂದ ಎತ್ತಿಕೊಂಡಿರುತ್ತಾರೆ. ಆ ಒಂದು ಕಡೆ ಯಾವುದೆಂದು ಕೇಳಿದರೆ ಮಕ್ಕಳು ಕೊನೆಗೆ ಭಾರತೀಯ ಹವಾಮಾನ ಇಲಾಖೆಗೆ ತಲುಪುತ್ತಾರೆ. ಅಲ್ಲಿ ತಲುಪಿದಾಗ ಮೂರು ಸಂಗತಿಗಳು ಬೆಳಕಿಗೆ ಬರುತ್ತವೆ.

ಮೊದಲನೆಯದಾಗಿ, 944 ಎಂಬುದು ಸಾಂತಾಕ್ರೂಜ್ ಮಾಪನ ಕೇಂದ್ರದ ಅಳತೆ. ಅದೇ ಅವಧಿಯಲ್ಲಿ ಅದೇ ನಗರದ ದಕ್ಷಿಣ ತುದಿಯ ಕೊಲಾಬಾ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ. "ಮುಂಬಯಿಯಲ್ಲಿ" ಎಂಬ ಪದ ಬಂದು ಕುಳಿತ ಕೂಡಲೇ ಈ ಅಂತರ ಅಳಿಸಿಹೋಗುತ್ತದೆ. ಫೋರ್ಟಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ ಅಜ್ಜ "ಆ ದಿನ ನಮಗೆ ಅಂಥ ಮಳೆಯೇ ಕಾಣಲಿಲ್ಲ" ಎಂದರೆ, ಆತನ ನೆನಪೂ ಸರಿ, ಇಲಾಖೆಯ ಅಂಕಿಯೂ ಸರಿ.

ಎರಡನೆಯದು ದಿನಾಂಕ. ಇಲಾಖೆಯ ಮಳೆದಿನ ಬೆಳಗಿನ 8:30ರಿಂದ ಮರುದಿನ ಬೆಳಗಿನ 8:30ರವರೆಗೆ. ದಾಖಲಾಗುವುದು ಮುಗಿಯುವ ದಿನದ ಹೆಸರಿನಲ್ಲಿ. ಹಾಗಾಗಿ ಕೆಲವು ಕೋಷ್ಟಕಗಳಲ್ಲಿ ಈ ಮಳೆ ಜುಲೈ 27ರ ಎದುರು ಕಾಣುತ್ತದೆ. ಎರಡು ಆಕರಗಳು ಜಗಳವಾಡುತ್ತಿವೆ ಎಂದು ಮಕ್ಕಳು ಭಾವಿಸುವ ಮೊದಲು ಅಳತೆಯ ಪದ್ಧತಿಯನ್ನು ಹುಡುಕಲು ಹೇಳಿ.

ಮೂರನೆಯದು ಸಣ್ಣ ಲೆಕ್ಕ. ನಗರದ ಹಳೆಯ ಮಳೆನೀರಿನ ಚರಂಡಿಗಳನ್ನು ರೂಪಿಸಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರದ ಇಳಿತದ ವೇಳೆಗೆ; ಬ್ರಿಮ್‌ಸ್ಟೋವಾಡ್ ಅದನ್ನು 50ಕ್ಕೆ ಏರಿಸಬೇಕೆಂದಿತು. 944ನ್ನು 24ರಿಂದ ಭಾಗಿಸಿದರೆ ಗಂಟೆಗೆ 39ಕ್ಕೂ ಹೆಚ್ಚು ಬರುತ್ತದೆ. ಮಳೆ ಇಡೀ ದಿನ ಸಮನಾಗಿ ಸುರಿದಿದ್ದರೂ ಚರಂಡಿ ಸಾಲುತ್ತಿರಲಿಲ್ಲ. ಅದು ಸುರಿದದ್ದಾದರೋ ಬಹುಪಾಲು ಮಧ್ಯಾಹ್ನದಿಂದ ರಾತ್ರಿಯವರೆಗಿನ ಕೆಲವೇ ಗಂಟೆಗಳಲ್ಲಿ. "ಪ್ಲಾಸ್ಟಿಕ್ ಚೀಲಗಳಿಂದಲೇ ಮುಂಬಯಿ ಮುಳುಗಿತು" ಎಂಬ ವಾಕ್ಯವನ್ನು ತೂಗಲು ಈ ಒಂದು ಭಾಗಾಕಾರ ಸಾಕು. ಪ್ಲಾಸ್ಟಿಕ್ ಚರಂಡಿಯನ್ನು ಕಟ್ಟಿದ್ದು ನಿಜ, ಆದರೆ ಕಟ್ಟಿಕೊಳ್ಳದ ಚರಂಡಿಗೂ ಅದು ಮೀರಿದ ಮಳೆ.

ಸರ್ಕಾರಿ ತಾಣವಾದರೆ ಕಣ್ಣುಮುಚ್ಚಿ ನಂಬಬಹುದು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ. ಅದು ಸರಿಯೇ ಮೇಡಂ ಎಂದು ಒಬ್ಬ ಪಾಲಕರು ಕೇಳಿದರು. ಏನು ಹೇಳಲಿ?

ಯಾವ ಸಂಗತಿಗೆ ಎಂಬುದರ ಮೇಲೆ ಉತ್ತರ ನಿಂತಿದೆ ಎಂದು ಹೇಳಿ. ಮಳೆ ಎಷ್ಟು ಬಿತ್ತು ಎಂಬುದಕ್ಕೆ ಹವಾಮಾನ ಇಲಾಖೆ ಅಳೆದವರೇ ಆದ ಮೂಲ ಆಕರ, ಅದಕ್ಕಿಂತ ಮೇಲಿನದು ಇಲ್ಲ. ನೀರು ಏಕೆ ಹರಿಯಲಿಲ್ಲ ಎಂಬುದಕ್ಕೆ ಚರಂಡಿಯ ಹೊಣೆ ಹೊತ್ತ ಸಂಸ್ಥೆಯೇ ಬರೆದ ಹೇಳಿಕೆ ಮೂಲ ಆಕರವೂ ಹೌದು, ಪಕ್ಷದಾರನ ಮಾತೂ ಹೌದು. ಮಳೆಯ ಮತ್ತು ಉಬ್ಬರದ ಮೇಲೆ ಒತ್ತು ಕೊಡುವುದು ಅದಕ್ಕೆ ಅನುಕೂಲ. ಮೀಠಿಯ ದಂಡೆಯ ಒತ್ತುವರಿಯನ್ನೂ ಖಾಡಿಯನ್ನು ತುಂಬಿಸಿದ್ದನ್ನೂ ಪರಿಸರ ಸಂಘಟನೆಗಳು ಮುಂದಿಡುತ್ತವೆ, ಅವುಗಳಿಗೂ ತಮ್ಮದೇ ನಿಲುವು ಇರುತ್ತದೆ. ಎರಡನ್ನೂ ಓದಿ, ಇಬ್ಬರೂ ಒಪ್ಪುವ ಸಂಗತಿಗಳನ್ನು ಬೇರೆ ಮಾಡಿಸುವುದು ಹತ್ತನೆಯ ತರಗತಿಗೆ ಸಾಧ್ಯವಾದ ಕೆಲಸ. ಸತ್ಯಶೋಧನ ಸಮಿತಿಯ ವರದಿ ಇಲ್ಲಿ ಬೆಲೆಬಾಳುತ್ತದೆ, ಆದರೆ ಅದನ್ನು ನೇಮಿಸಿದವರು ಯಾರು ಎಂಬುದನ್ನೂ ಮಕ್ಕಳು ಬರೆದುಕೊಳ್ಳಲಿ.

ಹಾಗೆ ನೋಡಿದರೆ "ನಂಬಲರ್ಹ ಆಕರ" ಎಂಬ ಮುದ್ರೆಯನ್ನು ತಾಣಕ್ಕೆ ಒತ್ತುವ ಅಭ್ಯಾಸವನ್ನೇ ನಾನು ಬಿಡಿಸುತ್ತೇನೆ. ಇಂಥ ಹೇಳಿಕೆಗೆ ಈ ಆಕರ ಸಾಕೇ ಎಂದು ಕೇಳುವುದು ಹೆಚ್ಚು ಪ್ರಾಮಾಣಿಕ.

ವಿಕಿಪೀಡಿಯ ಬಳಸಬಾರದು ಎಂದು ನಮ್ಮ ಶಾಲೆಯಲ್ಲಿ ನಿಯಮವಿದೆ.

ಪ್ರಾಜೆಕ್ಟಿನಲ್ಲಿ ಉಲ್ಲೇಖಿಸಬೇಡಿ ಎಂದರೆ ಒಪ್ಪುತ್ತೇನೆ, ತೆರೆಯಲೇಬೇಡಿ ಎಂದರೆ ಒಪ್ಪುವುದಿಲ್ಲ. ಮೊದಲ ಸುತ್ತಿನಲ್ಲಿ ಪದ ಸಂಗ್ರಹಕ್ಕೂ, ಕೆಳಗಿನ ಉಲ್ಲೇಖಗಳ ಮೂಲಕ ಮೂಲ ವರದಿಗೆ ಹೋಗುವುದಕ್ಕೂ, ಅಡ್ಡ ಓದಿನಲ್ಲಿ ಅಪರಿಚಿತ ಸಂಸ್ಥೆಯ ಪರಿಚಯಕ್ಕೂ ಅದು ಒಳ್ಳೆಯದು. ಭಾಷೆಯಿಂದ ಭಾಷೆಗೆ ಲೇಖನದ ಉದ್ದವೂ ಗುಣವೂ ಬೇರೆಯಾಗಿರುವುದರಿಂದ ಮರಾಠಿ, ಇಂಗ್ಲಿಷ್, ಕನ್ನಡ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿಸಿ.

ವಾಟ್ಸಾಪಿನಲ್ಲಿ ಪ್ರತಿ ಮಳೆಗಾಲ ಬರುವ ಫೋಟೊಗಳನ್ನು ಪಾಠಕ್ಕೆ ಬಳಸಬಹುದೇ?

ಬಳಸಬಹುದು, ಅದಕ್ಕೆ ಅರ್ಧ ಪಿರಿಯಡ್ ಸಾಕು. ಚಿತ್ರವನ್ನೇ ಹುಡುಕುಪದವನ್ನಾಗಿ ಮಾಡುವ ವಿಧಾನವನ್ನು ಗೂಗಲ್ ಲೆನ್ಸ್ ಅಥವಾ ಟಿನ್‌ಐ ಮೂಲಕ ತೋರಿಸಿ, ಅದೇ ಚಿತ್ರ ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ನೋಡಿಸಿ. ಹಳೆಯ ತಾರೀಖಿನ ಪುಟವೊಂದು ಸಿಕ್ಕರೆ, ಇಂದಿನದೆಂದು ಕಳಿಸಿದ ಫೋಟೊ ಇಂದಿನದಲ್ಲ ಎಂಬುದು ಖಚಿತ. ಏನೂ ಸಿಗದಿದ್ದರೆ ಫೋಟೊ ಹೊಸದೆಂದು ಸಾಬೀತಾಗುವುದಿಲ್ಲ. ಈ ವ್ಯತ್ಯಾಸವನ್ನು ಒತ್ತಿ ಹೇಳಿ.

## ನಡೆಸುವವರ ಮುಂದಿನ ಪ್ರಶ್ನೆಗಳು

ನಮ್ಮದು ರಾತ್ರಿ ಶಾಲೆ. ಲ್ಯಾಬ್ ಇಲ್ಲ, ಹುಡುಗರು ಹೋಟೆಲಿನ ಕೆಲಸ ಮುಗಿಸಿ ಬರುತ್ತಾರೆ. ಇದು ನಮಗೆ ಆಗುವಂಥದ್ದೇ?

ಆಗುತ್ತದೆ. ಎರಡು ಸುತ್ತಿನ ಫಲಿತಾಂಶಗಳ ಮೊದಲ ಪುಟವನ್ನು ಶಿಕ್ಷಕರು ಮನೆಯಲ್ಲೇ ಮುದ್ರಿಸಿ ತರಬೇಕು. ನಾಲ್ವರ ಗುಂಪಿಗೆ ಒಂದರಂತೆ ಕೊಟ್ಟು, ಯಾವ ಕೊಂಡಿಯನ್ನು ಮೊದಲು ತೆರೆಯುತ್ತೀರಿ, ಏಕೆ, ಯಾವುದನ್ನು ತೆರೆಯುವುದೇ ಇಲ್ಲ ಎಂದು ಪೆನ್ಸಿಲಿನಲ್ಲಿ ಗುರುತಿಸಲು ಹೇಳಿ. ತೆರೆಯುವ ಮೊದಲು ತಲೆಬರಹ, ತಾಣದ ಹೆಸರು ಮತ್ತು ಎರಡು ಸಾಲಿನ ತುಣುಕನ್ನು ಓದಿ ಆರಿಸುವುದು ಒಂದು ಪ್ರತ್ಯೇಕ ಕೌಶಲ, ಅದು ಕಾಗದದ ಮೇಲೆ ಚೆನ್ನಾಗಿ ಕಲಿಯಲು ಬರುತ್ತದೆ. ಅಡ್ಡ ಓದಿಗೆ ಮಾತ್ರ ಗುಂಪಿಗೊಂದು ಮೊಬೈಲ್ ಬೇಕು. ಈ ಹುಡುಗರಲ್ಲಿ ಕೆಲವರಿಗೆ ಹೋಟೆಲಿನೊಳಗೆ ನೀರು ನುಗ್ಗುವ ರಸ್ತೆಗಳು ಹವಾಮಾನದವರಿಗಿಂತ ಚೆನ್ನಾಗಿ ಗೊತ್ತಿರುತ್ತವೆ. ಅವರ ಪದಪಟ್ಟಿಯಲ್ಲಿ ಹಿಂದಮಾತಾ, ಮಿಲನ್ ಸಬ್‌ವೇ ಮುಂತಾದ ಸ್ಥಳನಾಮಗಳು ಮೊದಲ ದಿನವೇ ಬರುತ್ತವೆ.

ಅಂಕ ಯಾವುದಕ್ಕೆ ಕೊಡುವುದು? ಪ್ರಾಜೆಕ್ಟ್ ಫೈಲ್ ಎಲ್ಲರದ್ದೂ ಚೆಂದವೇ ಇರುತ್ತದೆ.

ಫೈಲಿಗಲ್ಲ, ಹುಡುಕಾಟದ ದಿನಚರಿಗೆ ಕೊಡಿ. ಪ್ರತಿ ಹುಡುಕಾಟಕ್ಕೆ ಒಂದು ಸಾಲು: ಯಾವ ಪದಗಳನ್ನು ಹಾಕಿದೆ, ಏನು ಸಿಕ್ಕಿತು, ಅದರಿಂದ ಪದವನ್ನು ಏಕೆ ಬದಲಿಸಿದೆ. ಮೂರನೆಯ ಭಾಗ ಖಾಲಿಯಿದ್ದರೆ ಅಥವಾ "ಸರಿಯಾಗಿ ಬರಲಿಲ್ಲ" ಎಂದಷ್ಟೇ ಇದ್ದರೆ ಪಾಠ ಇಳಿದಿಲ್ಲ ಎಂದು ತಿಳಿಯಬೇಕು. "ಬೆಂಗಳೂರಿನದು ಬಂತು, ಅದಕ್ಕೆ ಮೀಠಿ ನದಿ ಸೇರಿಸಿದೆ" ಎಂದಿದ್ದರೆ ಇಳಿದಿದೆ. ಆಕರಗಳಿಗೆ ಸಂಬಂಧಿಸಿ, ಉಳಿಸಿಕೊಂಡದ್ದಕ್ಕಿಂತ ಬಿಟ್ಟ ಆಕರಕ್ಕೆ ಕೊಟ್ಟ ಕಾರಣವನ್ನು ಹೆಚ್ಚು ಗಮನವಿಟ್ಟು ಓದಿ. "ಜಾಹೀರಾತು ಇತ್ತು" ಎಂಬುದು ದುರ್ಬಲ ಕಾರಣ, ಏಕೆಂದರೆ ಒಳ್ಳೆಯ ಪತ್ರಿಕೆಯ ತಾಣದಲ್ಲೂ ಜಾಹೀರಾತು ಇರುತ್ತದೆ. "944 ಎಂದು ಬರೆದಿದ್ದಾರೆ, ಆದರೆ ಯಾವ ಕೇಂದ್ರ ಎಂದು ಹೇಳಿಲ್ಲ" ಎಂಬುದು ಬಲವಾದ ಕಾರಣ.

ಎರಡು ಒಳ್ಳೆಯ ಆಕರಗಳೇ ಬೇರೆ ಬೇರೆ ಅಂಕಿ ಕೊಟ್ಟರೆ ಮಕ್ಕಳು ಯಾವುದನ್ನು ಬರೆಯಬೇಕು?

ಎರಡನ್ನೂ, ಅವು ಏನನ್ನು ಎಣಿಸಿವೆ ಎಂಬ ವಿವರದೊಂದಿಗೆ. ಆ ಮಳೆಯಲ್ಲಿ ಸತ್ತವರ ಸಂಖ್ಯೆಯನ್ನು ಹುಡುಕಿದರೆ ಇದು ಎದುರಾಗುತ್ತದೆ. ಒಂದು ಆಕರ ಮುಂಬಯಿ ನಗರವನ್ನು ಮಾತ್ರ ಎಣಿಸಿರುತ್ತದೆ, ಇನ್ನೊಂದು ಇಡೀ ಮಹಾರಾಷ್ಟ್ರವನ್ನು. ಒಂದರಲ್ಲಿ ಆ ದಿನ ನೀರಿನಲ್ಲಿ ಮುಳುಗಿದವರು ಮತ್ತು ಗುಡ್ಡ ಕುಸಿದು ಸತ್ತವರು ಮಾತ್ರ, ಇನ್ನೊಂದರಲ್ಲಿ ಮುಂದಿನ ವಾರಗಳ ಇಲಿಜ್ವರ ಮುಂತಾದವುಗಳಿಂದ ಸತ್ತವರೂ ಸೇರಿರುತ್ತಾರೆ. ಸರಾಸರಿ ತೆಗೆಯುವ, ಇಲ್ಲವೆ ದೊಡ್ಡ ಅಂಕಿಯನ್ನು ಆರಿಸುವ ಪ್ರವೃತ್ತಿ ಮಕ್ಕಳಲ್ಲಿದೆ. ಅಂಕಿಯ ಪಕ್ಕದಲ್ಲಿ ಪ್ರದೇಶ, ಅವಧಿ, ಕಾರಣ ಎಂಬ ಮೂರು ಖಾನೆಗಳನ್ನು ಹಾಕಿಸಿದರೆ ಭಿನ್ನತೆಯ ಬಹುಭಾಗ ತಾನಾಗಿ ಕರಗುತ್ತದೆ. ಕರಗದೆ ಉಳಿದದ್ದನ್ನು "ಆಕರಗಳಲ್ಲಿ ಒಮ್ಮತವಿಲ್ಲ" ಎಂದು ಬರೆಯಲು ಅನುಮತಿ ಇರಲಿ, ಅದಕ್ಕೆ ಅಂಕ ಕಡಿಯಬೇಡಿ.

ಈ ಪಾಠ ಮಾಡಿದ ಮೇಲೆ ಮಕ್ಕಳು ಎಲ್ಲವನ್ನೂ "ಫೇಕ್" ಎನ್ನತೊಡಗಿದ್ದಾರೆ. ಪಠ್ಯಪುಸ್ತಕವನ್ನೂ ಬಿಡುವುದಿಲ್ಲ. ಏನು ಮಾಡಲಿ?

ಮೂರನೆಯ ಪಿರಿಯಡ್‌ಗೆ ನೀವು ಆರಿಸಿದ ಆಕರಗಳನ್ನು ಒಮ್ಮೆ ನೋಡಿ. ಮೂರಕ್ಕೆ ಮೂರೂ ಬಲೆಗಳಾಗಿದ್ದರೆ, ಪರೀಕ್ಷೆ ಎಂದರೆ ತಿರಸ್ಕರಿಸುವುದು ಎಂದು ಮಕ್ಕಳು ಕಲಿಯುತ್ತಾರೆ, ಮತ್ತು ಯೋಚಿಸದೆ ತಿರಸ್ಕರಿಸುವುದು ಯೋಚಿಸದೆ ನಂಬುವಷ್ಟೇ ಸುಲಭ. ಮೂರರಲ್ಲಿ ಕನಿಷ್ಠ ಒಂದು ದೃಢವಾದ ಆಕರವಿರಲಿ, ಅದೂ ನೋಡಲು ಕುರೂಪವಾಗಿರುವಂಥದ್ದು: ಓರೆಯಾಗಿ ಸ್ಕ್ಯಾನ್ ಮಾಡಿದ ಸಮಿತಿ ವರದಿಯ ಒಂದು ಪುಟ, ಅಥವಾ ಬಣ್ಣವಿಲ್ಲದ ಮಳೆಯ ಕೋಷ್ಟಕ. ಇನ್ನೊಂದು ಅರ್ಧ ಸರಿಯಾದದ್ದಿರಲಿ, ಉದಾಹರಣೆಗೆ ಮಳೆಯ ಅಂಕಿಯನ್ನು ಸರಿಯಾಗಿ ಕೊಟ್ಟು ಕಾರಣವನ್ನು ಒಂದಕ್ಕೇ ಕಟ್ಟಿಹಾಕಿದ ಲೇಖನ. ತೀರ್ಪಿನ ಖಾನೆಯಲ್ಲಿ ನಿಜ, ಸುಳ್ಳು ಎಂಬ ಎರಡೇ ಆಯ್ಕೆಗಳನ್ನು ಇಡುವ ಬದಲು, "ಯಾವ ಸಂಗತಿಗೆ ಇದನ್ನು ಬಳಸುವೆ, ಯಾವುದಕ್ಕೆ ಬಳಸಲಾರೆ" ಎಂದು ಕೇಳಿ. ಪಠ್ಯಪುಸ್ತಕವನ್ನು ಅನುಮಾನಿಸುವ ಮಗುವಿಗೂ ಇದೇ ಪ್ರಶ್ನೆ ಕೊಡಿ, ಮತ್ತು ಅನುಮಾನಿಸಿದ ವಾಕ್ಯದ ಮೂಲವನ್ನು ಎರಡನೆಯ ಸುತ್ತಿನ ಪದಗಳಿಂದ ತಾನೇ ಹುಡುಕಿ ತರಲು ಒಂದು ವಾರದ ಅವಕಾಶ ಕೊಡಿ.